ಕೇಬಲ್ ಕೂತರೆ ಸಾಲದು

ಹಲಸೂರಿನ ಅಮ್ಮನ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇದೆ. ಒಳಗೆ ಬಿಸ್ಕತ್ತು ಇದ್ದದ್ದು ಯಾವ ಕಾಲಕ್ಕೋ. ಈಗಿರೋದು ಅಪ್ಪನ ನೋಕಿಯಾ ಇ71, ನನ್ನ ಕಾಲೇಜು ದಿನಗಳ ಸೋನಿ ಎರಿಕ್ಸನ್ ಕೆ750ಐ, ಒಂದು ಕ್ಯಾನನ್ ಪವರ್‌ಶಾಟ್ ಕ್ಯಾಮೆರಾ, ಮತ್ತೆ ಯಾವುದಕ್ಕೆ ಸೇರಿದ್ದು ಅಂತ ಯಾರಿಗೂ ಗೊತ್ತಿಲ್ಲದ ಆರೇಳು ವೈರುಗಳು. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಒಂದು ಇದ್ದೇ ಇರುತ್ತೆ.

ಹೋದ ತಿಂಗಳು ಅಮ್ಮ ಫೋನ್ ಮಾಡಿ, "ಮುಂದಿನ ಭಾನುವಾರ ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರ. ಅಜ್ಜಿ ಲಾಲಿ ಹಾಡಿದ್ದನ್ನ ನಿಮ್ಮಪ್ಪ ಆ ಹಳೇ ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ರಲ್ಲ, ಅದನ್ನ ತೆಗೆದುಕೊಡೇ. ನೀನೇ ಇಂಜಿನಿಯರ್ರು ತಾನೇ" ಅಂದಳು. ಅಜ್ಜಿ ಹೋಗಿ ಹತ್ತು ವರ್ಷ ದಾಟಿದೆ. ಅವಳ ಧ್ವನಿ ನಮ್ಮ ಮನೆಯಲ್ಲಿ ಉಳಿದಿರೋದು ಆ ಒಂದು ರೆಕಾರ್ಡಿಂಗ್‌ನಲ್ಲಿ ಮಾತ್ರ. ಅದು 2009ರದ್ದು, ಇರೋದು ಸ್ವಿಚ್ ಆನ್ ಆಗದ ಫೋನಿನಲ್ಲಿ.

ಶನಿವಾರ ಕೆ.ಆರ್. ಪುರದಿಂದ ನೇರಳೆ ಮೆಟ್ರೋ ಹತ್ತಿ ಹಲಸೂರಿಗೆ ಹೋದೆ. ಇ71ರ ಪಕ್ಕದಲ್ಲಿ ಒಂದು ಪುಟ್ಟ ಮುಚ್ಚಳ ಇದೆ. ಉಗುರಿನಿಂದ ಎತ್ತಿದರೆ ಒಳಗೆ ಮೈಕ್ರೋ ಯುಎಸ್‌ಬಿ. ನನ್ನ ಹಳೇ ಪವರ್ ಬ್ಯಾಂಕಿನ ಕೇಬಲ್ ಅದಕ್ಕೆ ಸರಿಯಾಗಿ ಕೂತಿತು. ಅರ್ಧ ಗಂಟೆ ಬಿಟ್ಟೆ, ಏನೂ ಇಲ್ಲ. ಒಂದು ಗಂಟೆ ಬಿಟ್ಟೆ, ಆಗಲೂ ಇಲ್ಲ. "ಅಮ್ಮಾ, ಫೋನ್ ಸತ್ತೋಗಿದೆ" ಅಂತ ಹೇಳಿಯೂ ಬಿಟ್ಟೆ. ಅಮ್ಮ ಏನೂ ಮಾತಾಡಲಿಲ್ಲ, ಡಬ್ಬದ ಮುಚ್ಚಳ ಹಾಕಿದಳು.

ಫೋನ್ ಸತ್ತಿರಲಿಲ್ಲ. ಕೇಬಲ್ ಕೂತ ಮಾತ್ರಕ್ಕೆ ಅದೇ ಸರಿಯಾದ ಕೇಬಲ್ ಅಂದುಕೊಂಡದ್ದು ನನ್ನ ತಪ್ಪು. ಹಳೇ ಸಾಧನಕ್ಕೆ ಕೇಬಲ್ ಹುಡುಕುವಾಗ ಎರಡು ಪ್ರಶ್ನೆ ಕೇಳಬೇಕು. ಈ ತೂತಿನ ಆಕಾರ ಯಾವುದು? ಈ ತೂತು ಮಾಡೋ ಕೆಲಸ ಏನು, ಚಾರ್ಜಾ, ಡೇಟಾನಾ, ಎರಡೂನಾ? ನಾನು ಮೊದಲನೆಯದನ್ನ ಮಾತ್ರ ಕೇಳಿದ್ದೆ.

ಆಕಾರದಿಂದಲೇ ಶುರು ಮಾಡೋಣ. ಮಿನಿ ಯುಎಸ್‌ಬಿ 2000ದಲ್ಲಿ ಬಂತು, ಮೈಕ್ರೋ ಯುಎಸ್‌ಬಿ 2007ರಲ್ಲಿ. ಹೆಸರು ಕೇಳಿದರೆ ಮೈಕ್ರೋ ಅಗಲದಲ್ಲಿ ತುಂಬಾ ಚಿಕ್ಕದಿರಬೇಕು ಅನ್ನಿಸುತ್ತೆ. ಹಾಗೇನಿಲ್ಲ. ಎರಡರ ಅಗಲವೂ ಹೆಚ್ಚುಕಡಿಮೆ 7 ಮಿಲಿಮೀಟರ್. ವ್ಯತ್ಯಾಸ ಇರೋದು ಎತ್ತರದಲ್ಲಿ. ಮಿನಿ ಸುಮಾರು 3 ಮಿ.ಮೀ., ಮೈಕ್ರೋ ಸುಮಾರು 1.8 ಮಿ.ಮೀ. ಬೇರೆ ಬೇರೆ ನೋಡಿದಾಗ ಯಾವುದು ಯಾವುದು ಅಂತ ಗೊಂದಲ ಆಗೋದು ಇದಕ್ಕೇ, ನಾವು ಅಗಲ ನೋಡ್ತೀವಿ.

ಸ್ಕೇಲ್ ಹಿಡಿದು 1.8 ಮಿ.ಮೀ. ಅಳೆಯೋದು ಕಷ್ಟ. ನಾನು ಮಾಡೋದು ಹೀಗೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ಎಲ್ಲ ಬ್ಯಾಂಕಿನದ್ದೂ ಅಷ್ಟೇ. ಎರಡು ಕಾರ್ಡ್ ಜೋಡಿಸಿದರೆ 1.5, ನಾಲ್ಕು ಜೋಡಿಸಿದರೆ 3. ಕಾರ್ಡುಗಳ ಅಂಚನ್ನ ತೂತಿನ ಪಕ್ಕಕ್ಕೆ ಹಿಡಿದು ನೋಡಿ (ಒಳಗೆ ತುರುಕಬೇಡಿ). ತೂತು ಎರಡು ಕಾರ್ಡಿಗಿಂತ ಒಂಚೂರು ಎತ್ತರ ಇದ್ದರೆ ಮೈಕ್ರೋ, ನಾಲ್ಕು ಕಾರ್ಡಿನಷ್ಟಿದ್ದರೆ ಮಿನಿ. ಕಾರ್ಡಿನ ಮೇಲಿನ ಉಬ್ಬಿದ ಅಕ್ಷರಗಳು ಅಡ್ಡ ಬರದ ಹಾಗೆ ನೋಡಿಕೊಳ್ಳಿ.

ಅಂದಾಜು ಸಿಕ್ಕ ಮೇಲೆ ನಿಮ್ಮ ಈಗಿನ ಫೋನಿನ ಕ್ಯಾಮೆರಾ ಜೂಮ್ ಮಾಡಿ, ಟಾರ್ಚ್ ಹಾಕಿ, ತೂತಿನ ಒಂದು ಫೋಟೋ ತೆಗೀರಿ. ಮೈಕ್ರೋ ಆದರೆ ಒಂದು ಬದಿ ಉದ್ದ, ಎದುರು ಬದಿ ಗಿಡ್ಡ, ಗಿಡ್ಡ ಬದಿಯ ಎರಡು ಮೂಲೆ ಓರೆಯಾಗಿ ಕತ್ತರಿಸಿದ ಹಾಗಿರುತ್ತೆ. ಮಿನಿಯಲ್ಲಿ ಎರಡೂ ಪಕ್ಕ ಒಳಕ್ಕೆ ಚಿವುಟಿದ ಹಾಗೆ, ಸೊಂಟ ಇದ್ದ ಹಾಗಿರುತ್ತೆ. ಒಳಗಿನ ಚಿನ್ನದ ಬಣ್ಣದ ಪಟ್ಟಿಗಳನ್ನ ಎಣಿಸಿ ಮಿನಿಯೋ ಮೈಕ್ರೋನೋ ಅಂತ ಹೇಳೋಕಾಗಲ್ಲ, ಎರಡರಲ್ಲೂ ಐದೇ. ಆದರೆ ಐದಕ್ಕಿಂತ ಜಾಸ್ತಿ ಕಂಡರೆ ಅದು ಸಾಮಾನ್ಯ ಮಿನಿ, ಮೈಕ್ರೋ ಎರಡೂ ಅಲ್ಲ ಅಂತ ತಿಳೀಬೇಕು. ನಿಕಾನ್ ಕೂಲ್‌ಪಿಕ್ಸ್‌ನಂಥ ಕೆಲವು ಕ್ಯಾಮೆರಾಗಳಲ್ಲಿ ನೋಡೋಕೆ ಮಿನಿ ಥರಾನೇ ಇರುವ ಎಂಟು ಪಿನ್ನಿನ ತೂತು ಇತ್ತು. ಅಲ್ಲಿ ಮಿನಿ ಕೇಬಲ್ ತಂದರೆ ದುಡ್ಡು ದಂಡ.

ನಮ್ಮ ಡಬ್ಬದ ಕ್ಯಾನನ್ ಕ್ಯಾಮೆರಾಗೆ ನಾಲ್ಕು ಕಾರ್ಡು ಬೇಕಾಯಿತು, ಪಕ್ಕದಲ್ಲಿ ಸೊಂಟ ಕಂಡಿತು, ಪಟ್ಟಿ ಐದು. ಅಂದರೆ ಮಿನಿ. ಆದರೆ ಅದು ಪೆನ್ಸಿಲ್ ಸೆಲ್ ಹಾಕುವ ಮಾಡೆಲ್ಲು. ಆ ಮಿನಿ ತೂತಿನಿಂದ ಫೋಟೋ ತೆಗೆದುಕೊಳ್ಳಬಹುದು, ಚಾರ್ಜ್ ಮಾತ್ರ ಆಗಲ್ಲ. ಎರಡನೇ ಪ್ರಶ್ನೆ ಇಲ್ಲೂ ಬಂತು ನೋಡಿ.

ಈ ಎರಡನೇ ಪ್ರಶ್ನೆಯಲ್ಲೇ ಇ71 ನನ್ನನ್ನ ಬೀಳಿಸಿದ್ದು. ಇ71 ಬಂದದ್ದು 2008ರಲ್ಲಿ. ಅದರ ಮೈಕ್ರೋ ಯುಎಸ್‌ಬಿ ಡೇಟಾಗೆ ಮಾತ್ರ. ಕೇಬಲ್ಲಿನಲ್ಲಿ 5 ವೋಲ್ಟ್ ಬರುತ್ತೆ, ಆದರೆ ಆ ಫೋನ್ ಅದರಿಂದ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲ್ಲ. ಚಾರ್ಜಿಂಗ್‌ಗೆ ನೋಕಿಯಾದ ಉರುಟು ಪಿನ್ನಿನ ಬೇರೆಯದೇ ತೂತು ಇದೆ. ಅದರ ಹಿಂದಿನ ವರ್ಷದ ಎನ್95 ಕೂಡ ಹಾಗೇ. ಮಿನಿ ಯುಎಸ್‌ಬಿ ಇತ್ತು, ಅದು ಬರೀ ಡೇಟಾಗೆ. 2009ರ ಜೂನ್‌ನಲ್ಲಿ ಯುರೋಪಿನಲ್ಲಿ ನೋಕಿಯಾ, ಸ್ಯಾಮ್‌ಸಂಗ್ ಸೇರಿದ ಹಾಗೆ ದೊಡ್ಡ ಕಂಪನಿಗಳು ಮೈಕ್ರೋ ಯುಎಸ್‌ಬಿಯನ್ನೇ ಎಲ್ಲರ ಚಾರ್ಜಿಂಗ್ ಪೋರ್ಟ್ ಮಾಡ್ತೀವಿ ಅಂತ ಒಪ್ಪಂದ ಮಾಡಿಕೊಂಡವು. ಅದಾಗಿ ಒಂದೆರಡು ವರ್ಷಕ್ಕೆ ಬಂದ ಸ್ಮಾರ್ಟ್‌ಫೋನುಗಳಲ್ಲಿ ಮೈಕ್ರೋ ಇದ್ದರೆ ಚಾರ್ಜ್ ಆಗುತ್ತೆ ಅಂತ ಹೆಚ್ಚುಕಡಿಮೆ ನಂಬಬಹುದು. ಅದಕ್ಕೂ ಹಿಂದಿನದ್ದಾದರೆ ನಂಬಬೇಡಿ. ಯುಎಸ್‌ಬಿ ತೂತಿನ ಜೊತೆಗೆ ಇನ್ನೊಂದು ಉರುಟು ತೂತು ಇದೆಯಾ ಅಂತ ಫೋನನ್ನ ಸುತ್ತಲೂ ತಿರುಗಿಸಿ ನೋಡಿ. ಇದ್ದರೆ ಚಾರ್ಜು ಅಲ್ಲಿಂದಲೇ ಇರೋ ಸಾಧ್ಯತೆ ಜಾಸ್ತಿ.

ಇಷ್ಟೆಲ್ಲ ಆ ಶನಿವಾರ ನನಗೆ ಗೊತ್ತಿರಲಿಲ್ಲ. ಉರುಟು ತೂತು ಕಂಡ ಮೇಲೆ, ಫೋನನ್ನ ಮನೆಯಲ್ಲೇ ಬಿಟ್ಟು ಆಟೋ ಹತ್ತಿ ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ "ನೋಕಿಯಾ ಚಾರ್ಜರ್ ಕೊಡಿ" ಅಂದೆ. ಕೊಟ್ಟರು. ಮನೆಗೆ ಬಂದು ಹಾಕಿದರೆ ಪಿನ್ ಒಳಗೇ ಹೋಗಲಿಲ್ಲ. ಅಂಗಡಿಯವರದ್ದೇನೂ ತಪ್ಪಿಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದರು. ನೋಕಿಯಾದಲ್ಲಿ ಉರುಟು ಪಿನ್ ಎರಡು ಥರ ಇದೆ ಅನ್ನೋದು ನನಗೆ ತಿಳಿದಿರಲಿಲ್ಲ, ಅಷ್ಟೇ.

ಎರಡನೇ ಸಲ ಫೋನನ್ನ ಬ್ಯಾಗಲ್ಲಿ ಹಾಕಿಕೊಂಡೇ ಹೋದೆ. ಬೇರೆ ಗಲ್ಲಿ, ಬೇರೆ ಅಂಗಡಿ. ಕೌಂಟರಿನ ಹಿಂದೆ ವಯಸ್ಸಾದವರೊಬ್ಬರು ಕೂತಿದ್ದರು. "ಅಣ್ಣಾ, ನೋಕಿಯಾ ಚಾರ್ಜರ್" ಅನ್ನುತ್ತಲೇ, "ದಪ್ಪ ಪಿನ್ನಾ, ಸಣ್ಣ ಪಿನ್ನಾ ಮೇಡಂ?" ಅಂದರು. ನಾನು ಬಾಯಿ ಬಿಡೋದು ನೋಡಿ, "ಫೋನ್ ತಂದಿದ್ದೀರಲ್ಲ, ಕೊಡಿ ಇಲ್ಲಿ" ಅಂತ ತೆಗೆದುಕೊಂಡು ಒಂದು ಸಲ ನೋಡಿದರು. "ಇದು ಸಣ್ಣ ಪಿನ್. ನೀವು ತಗೊಂಡಿದ್ದು 1100ದು."

ದಪ್ಪ ಪಿನ್ ಅಂದರೆ 3.5 ಮಿ.ಮೀ., 3310, 1100, 6600 ಕಾಲದ್ದು. ಸಣ್ಣ ಪಿನ್ 2 ಮಿ.ಮೀ., ಆಮೇಲಿನ ಎನ್73, ಎನ್95, ಇ71ಗಳದ್ದು. ಅಳತೆಗೆ ಮನೆಯಲ್ಲೇ ಒಂದು ಮಾದರಿ ಇದೆ, ಮಾಮೂಲಿ ಇಯರ್‌ಫೋನಿನ ಪಿನ್ 3.5 ಮಿ.ಮೀ. ದಪ್ಪ. ಅದನ್ನ ಪಕ್ಕಕ್ಕೆ ಹಿಡಿದಾಗ ಚಾರ್ಜಿಂಗ್ ತೂತು ಅಷ್ಟೇ ದೊಡ್ಡದಾಗಿದ್ದರೆ ದಪ್ಪ ಪಿನ್, ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಇದ್ದರೆ ಸಣ್ಣ ಪಿನ್. ಇ71ರಲ್ಲಿ ಇನ್ನೂ ಒಂದು ಗೊಂದಲ ಇದೆ. ಅದರ ಇಯರ್‌ಫೋನ್ ತೂತು 3.5 ಅಲ್ಲ, 2.5 ಮಿ.ಮೀ. ಹಾಗಾಗಿ ಚಾರ್ಜರ್ ತೂತೂ ಇಯರ್‌ಫೋನ್ ತೂತೂ ಎರಡೂ ಪುಟ್ಟದಾಗಿ ಕಾಣುತ್ತೆ. ಚಾರ್ಜರ್ ತೂತಿನ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಕೂದಲಿನಂಥ ಒಂದು ಕಡ್ಡಿ ಕಾಣುತ್ತೆ, ಇಯರ್‌ಫೋನ್ ತೂತಿನ ಒಳಗೆ ಏನೂ ಇರಲ್ಲ. ಆ ಕಡ್ಡಿ ಬಗ್ಗಿದರೆ ಫೋನ್ ನಿಜವಾಗಿಯೂ ಕೆಡುತ್ತೆ, ಅದಕ್ಕೇ ಬೇರೆ ಪಿನ್ ತುರುಕಿ ಪರೀಕ್ಷೆ ಮಾಡಬಾರದು.

ಅಣ್ಣ ಹೊಸ ಚಾರ್ಜರ್ ಕೊಡಲಿಲ್ಲ. ಒಂದು ತುದಿ ದೊಡ್ಡ ಯುಎಸ್‌ಬಿ, ಇನ್ನೊಂದು ತುದಿ ಸಣ್ಣ ಪಿನ್ ಇರೋ ವೈರ್ ಕೊಟ್ಟರು. ನೋಕಿಯಾನೇ ಇಂಥದ್ದನ್ನ ಸಿಎ-100 ಅನ್ನೋ ಹೆಸರಿನಲ್ಲಿ ಮಾಡ್ತಿತ್ತು, ನನಗೆ ಸಿಕ್ಕಿದ್ದು ಹೆಸರಿಲ್ಲದ ನಕಲು. ಮನೆಯಲ್ಲಿರುವ ಯಾವುದೇ 5 ವೋಲ್ಟ್ ಯುಎಸ್‌ಬಿ ಅಡಾಪ್ಟರಿಗೆ ಹಾಕಬಹುದು. ಮನೆಯಲ್ಲಿ ಆಗಲೇ ದಪ್ಪ ಪಿನ್ ಚಾರ್ಜರ್ ಇದ್ದವರಿಗೆ ಇನ್ನೊಂದು ದಾರಿ ಇದೆ. ದಪ್ಪ ಪಿನ್ ಸಿಕ್ಕಿಸಿದರೆ ಇನ್ನೊಂದು ಕಡೆ ಸಣ್ಣ ಪಿನ್ ಬರುವ ಗೇಣುದ್ದದ ಅಡಾಪ್ಟರ್, ಅದರ ಹೆಸರು ಸಿಎ-44. ನಿಮ್ಮ ಡಬ್ಬದ ವೈರುಗಳಲ್ಲೇ ಒಂದು ಇರಬಹುದು, ಹುಡುಕಿ ನೋಡಿ.

ಹೊರಡುವಾಗ "ಡೇಟಾಗೆ ವಿ8 ಇದೆಯಾ ಮನೇಲಿ?" ಅಂತ ಕೇಳಿದರು. ವಿ8 ಅಂದರೆ ಏನು ಅಂತ ಮತ್ತೆ ಬಾಯಿ ಬಿಟ್ಟೆ. ಕೇಬಲ್ ವ್ಯಾಪಾರದಲ್ಲಿ ಮೈಕ್ರೋ ಯುಎಸ್‌ಬಿಗೆ ವಿ8 ಅಂತಾರೆ, ಮಿನಿಗೆ ವಿ3 ಅಂತಾರೆ. ಎರಡೂ ಮೋಟೊರೋಲಾ ಫೋನುಗಳ ಹೆಸರು. ಮಡಚುವ ರೇಜರ್ ವಿ3ರಲ್ಲಿ ಮಿನಿ ಇತ್ತು, 2007ರ ರೇಜರ್2 ವಿ8ರಲ್ಲಿ ಮೈಕ್ರೋ. ಆ ಫೋನುಗಳು ಹೋದವು, ಹೆಸರು ಮಾತ್ರ ಕೇಬಲ್ ಪ್ಯಾಕೆಟ್ಟಿನ ಮೇಲೆ ಉಳಿದುಕೊಂಡಿದೆ. ನೀವು "ಮಿನಿ" ಅಂದರೆ "ಚಿಕ್ಕದು" ಅಂತ ಅರ್ಥ ಮಾಡಿಕೊಂಡು ಮೈಕ್ರೋ ಕೊಡೋ ಅಂಗಡಿಗಳಿವೆ. "ವಿ3" ಅಂದರೆ ಆ ಗೊಂದಲ ಕಮ್ಮಿ.

ಮನೆಗೆ ಬಂದು ಮೊದಲು ಬ್ಯಾಟರಿ ಹೊರಗೆ ತೆಗೆದೆ. ಬಿಪಿ-4ಎಲ್, 1500 ಎಂಎಎಚ್. ಅದನ್ನ ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ ನೋಡಿದೆ. ಬುಗುರಿ ಥರ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ, ಅಂಥದ್ದನ್ನ ಚಾರ್ಜ್ ಮಾಡೋ ಹಾಗಿಲ್ಲ, ಅದೇ ನಂಬರಿನ ಬೇರೆ ಬ್ಯಾಟರಿ ತರಬೇಕು. ನಮ್ಮದು ತಿರುಗಲಿಲ್ಲ. ಬ್ಯಾಟರಿ ಹೊರಗಿದ್ದಾಗಲೇ ತೂತುಗಳ ಧೂಳನ್ನ ಒಣ ಟೂತ್‌ಪಿಕ್‌ನಿಂದ ಮೆಲ್ಲಗೆ ತೆಗೆದೆ. ಆಮೇಲೆ ಸಣ್ಣ ಪಿನ್ ಹಾಕಿದೆ. ಇಷ್ಟು ವರ್ಷ ಖಾಲಿ ಬಿದ್ದ ಬ್ಯಾಟರಿ ತಕ್ಷಣ ಏನೂ ತೋರಿಸಲ್ಲ. ಐದು ನಿಮಿಷಕ್ಕೇ ಕೈಬಿಡಬೇಡಿ, ಆದರೆ ಫೋನನ್ನ ಒಂಟಿಯಾಗಿ ಬಿಟ್ಟು ಹೋಗಲೂ ಬೇಡಿ, ಬಿಸಿ ಆಗ್ತಿದೆಯಾ ಅಂತ ಆಗಾಗ ಮುಟ್ಟಿ ನೋಡಿ. ಸುಮಾರು ಇಪ್ಪತ್ತು ನಿಮಿಷ ಆದಮೇಲೆ ಪರದೆ ಬೆಳಗಿತು. ಬ್ಯಾಟರಿ ಚಿತ್ರದ ಗೆರೆಗಳು ಮೇಲಕ್ಕೆ ಓಡತೊಡಗಿದವು. ಅಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತಳು.

ಫೋನ್ ಆನ್ ಆಗಿ ದಿನಾಂಕ ಕೇಳಿತು. ಗ್ಯಾಲರಿಯ ಧ್ವನಿ ಕ್ಲಿಪ್ಪುಗಳಲ್ಲಿ ಅಜ್ಜಿ ಇದ್ದಳು, ಫೋನಿನ ಸ್ವಂತ ಮೆಮೊರಿಯಲ್ಲಿ. ಅಲ್ಲೇ ಕೇಳಬಹುದಿತ್ತು, ಆದರೆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೋ ಗೊತ್ತಿಲ್ಲ. ಮೊದಲು ಪ್ರತಿ ಮಾಡಿಕೊಳ್ಳೋಣ ಅಂತ ಫೋನಿನ ಫೈಲ್ ಮ್ಯಾನೇಜರಿನಿಂದ ಅದನ್ನ ಮೆಮೊರಿ ಕಾರ್ಡಿಗೆ ಕಾಪಿ ಮಾಡಿದೆ.

ಈಗ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಅದೇ ಪವರ್ ಬ್ಯಾಂಕ್ ಕೇಬಲ್, ಅದೇ ಮೈಕ್ರೋ ತೂತು. ಈ ಸಲ ಡೇಟಾಗೆ ಅಂತಲೇ ಇರೋ ತೂತು, ಆದರೂ ಲ್ಯಾಪ್‌ಟಾಪ್‌ಗೆ ಫೋನ್ ಕಾಣಲಿಲ್ಲ. ಫೋನಿನ ಪರದೆ ಮೇಲೂ ಏನೂ ಬರಲಿಲ್ಲ.

ಇಲ್ಲಿ ತಪ್ಪು ಕೇಬಲ್ಲಿನ ಹೊಟ್ಟೆಯೊಳಗಿತ್ತು. ಮಾಮೂಲಿ ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಾಲ್ಕು ತಂತಿ ಇರುತ್ತೆ. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಗೆ. ಪವರ್ ಬ್ಯಾಂಕ್, ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್ ಜೊತೆ ಬರುವ ಎಷ್ಟೋ ಕೇಬಲ್ಲುಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತೆ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ಅಂದರೆ ನಾನು ಬೆಳಗ್ಗೆಯಿಂದ ಮಾಡಿದ್ದು ಇಷ್ಟು: ಚಾರ್ಜ್ ಆಗದ ತೂತಿಗೆ, ಚಾರ್ಜ್ ಬಿಟ್ಟು ಬೇರೇನೂ ಮಾಡದ ಕೇಬಲ್ ಹಾಕಿ ಕೂತಿದ್ದೆ!

ಇದನ್ನ ಪರೀಕ್ಷೆ ಮಾಡೋಕೆ ಹಳೇ ಸಾಧನ ಬಳಸಬೇಡಿ, ಕೆಟ್ಟಿರೋದು ಯಾವುದು ಅಂತ ಗೊತ್ತಾಗಲ್ಲ. ಚೆನ್ನಾಗಿ ಕೆಲಸ ಮಾಡೋ ಮೈಕ್ರೋ ಯುಎಸ್‌ಬಿ ಆಂಡ್ರಾಯ್ಡ್ ಫೋನ್ ಒಂದನ್ನ ಅದೇ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿ. ಚಾರ್ಜಿಂಗ್ ಅಂತ ತೋರಿಸಿ, ಫೈಲ್ ಕಳಿಸೋ ಆಯ್ಕೆ ಆನ್ ಮಾಡಿದಾಗಲೂ ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಡೇಟಾ ತಂತಿ ಇಲ್ಲ ಅಥವಾ ತುಂಡಾಗಿದೆ. ಅಂಗಡಿಯಲ್ಲಾದರೆ "ಡೇಟಾ ಕೇಬಲ್" ಅಂತ ಒತ್ತಿ ಕೇಳಿ, ಆಗೋದಾದರೆ ಅಲ್ಲೇ ಹಾಕಿ ತೋರಿಸಿಕೊಳ್ಳಿ.

ಅಕ್ಕನ ಹಳೇ ಫೋನಿನ ಜೊತೆ ಬಂದಿದ್ದ ಕೇಬಲ್ ತಂದು ಹಾಕಿದೆ. ತಕ್ಷಣ ಇ71 ಹೇಗೆ ಜೋಡಿಸಬೇಕು ಅಂತ ಕೇಳಿತು. ಕಾರ್ಡನ್ನ ಡ್ರೈವ್ ಥರ ತೋರಿಸುವ ಆಯ್ಕೆ ಒತ್ತಿದೆ, ಫೈಲುಗಳು ಬಂದವು. ನಿಮ್ಮ ಹತ್ತಿರ ಕಾರ್ಡ್ ರೀಡರ್ ಇದ್ದರೆ ಈ ಹಂತಕ್ಕೆ ಕೇಬಲ್ಲೇ ಬೇಡ, ಮೈಕ್ರೋ ಎಸ್‌ಡಿ ಕಾರ್ಡ್ ತೆಗೆದು ಓದಿಸಿದರಾಯಿತು. ಅಜ್ಜಿಯ ಫೈಲಿನ ಹೆಸರು `.amr` ಅಂತ ಕೊನೆಯಾಗಿತ್ತು. ಕೆಲವು ಫೋನುಗಳಲ್ಲಿ ಅದು ತೆರೆಯದೇ ಇರಬಹುದು, ವಿಎಲ್‌ಸಿಯಲ್ಲಿ ತೆರೆಯುತ್ತೆ.

ಡಬ್ಬದಲ್ಲಿ ಇನ್ನು ಉಳಿದದ್ದು ಕೆ750ಐ. ಅದರ ಬುಡದಲ್ಲಿ ಯುಎಸ್‌ಬಿ ಅನ್ನೋ ಯಾವ ಆಕಾರವೂ ಇಲ್ಲ. ಬೆರಳಿನಷ್ಟು ಅಗಲದ ಜಾಗದಲ್ಲಿ ಸಾಲಾಗಿ ಪುಟ್ಟ ಲೋಹದ ಪಟ್ಟಿಗಳು. ಇದು ಸೋನಿ ಎರಿಕ್ಸನ್ನಿನ ಫಾಸ್ಟ್‌ಪೋರ್ಟ್, 2005ರಿಂದ ಕೆಲವು ವರ್ಷ ಅವರ ಫೋನುಗಳಲ್ಲಿತ್ತು. ಚಾರ್ಜು, ಇಯರ್‌ಫೋನು, ಡೇಟಾ ಮೂರೂ ಇದೊಂದೇ ಜಾಗದಲ್ಲಿ. ನೋಕಿಯಾದ ಎನ್70ರಂಥ ಫೋನುಗಳ ಪಾಪ್‌ಪೋರ್ಟ್ ಕೂಡ ಇದೇ ಜಾತಿ, ಆದರೆ ಅದರಲ್ಲಿ ಚಾರ್ಜಿಗೆ ಮತ್ತೆ ಸಣ್ಣ ಪಿನ್ನೇ. ಇಂಥವಕ್ಕೆ ಆಕಾರ ಅಳೆದು ಪ್ರಯೋಜನ ಇಲ್ಲ. ಬ್ಯಾಟರಿ ತೆಗೆದರೆ ಅದರ ಕೆಳಗಿನ ಚೀಟಿಯಲ್ಲಿ ಮಾಡೆಲ್ ಹೆಸರು ಇರುತ್ತೆ, ಅದನ್ನ ಹೇಳಿಯೇ ಕೇಬಲ್ ಕೇಳಬೇಕು. "ಸೋನಿ ಎರಿಕ್ಸನ್ ಕೇಬಲ್" ಅಂತ ಮಾತ್ರ ಅಂದರೆ ಅದಕ್ಕಿಂತ ಹಿಂದಿನ ಫೋನಿನ ಬೇರೆ ಪ್ಲಗ್ ಕೊಡಬಹುದು.

ಹಾಗಾಗಿ ಈಗ ನಾನು ಯಾರಾದರೂ ಕೇಳಿದರೆ ಹೇಳೋದು ಇಷ್ಟೇ. ಅಂಗಡಿಗೆ ಹೋಗುವಾಗ ಸಾಧನವನ್ನೇ ತೆಗೆದುಕೊಂಡು ಹೋಗಿ. ಆಗದಿದ್ದರೆ ತೂತಿನ ಹತ್ತಿರದ ಫೋಟೋ, ಬ್ಯಾಟರಿ ಕೆಳಗಿನ ಚೀಟಿಯ ಫೋಟೋ ಎರಡೂ ಇರಲಿ. "ಚಾರ್ಜಿಗೆ" ಅಥವಾ "ಡೇಟಾಗೆ" ಅನ್ನೋ ಒಂದು ಪದ ಸೇರಿಸಿ ಕೇಳಿ. ಕೊಟ್ಟ ಕೇಬಲ್ ಹಾಕಿದಾಗ ಲಟಕ್ ಅಂತ ಬಿಗಿಯಾಗಿ ಕೂರಬೇಕು. ಅಲ್ಲಾಡಿದರೆ ಅದು ಮಿನಿ ತೂತಿಗೆ ಹಾಕಿದ ಮೈಕ್ರೋ ಇರಬಹುದು, ಒತ್ತಿದರೂ ಹೋಗದಿದ್ದರೆ ತಲೆಕೆಳಗೋ ಬೇರೆ ಜಾತಿಯೋ ಇರಬಹುದು. ಎರಡರಲ್ಲೂ ಬಲ ಬಿಟ್ಟು ಟಾರ್ಚ್ ಹಾಕಿ ಇನ್ನೊಂದು ಸಲ ನೋಡಿ.

ಭಾನುವಾರ ಅಕ್ಕನ ಮನೆಯಲ್ಲಿ ತೊಟ್ಟಿಲು ತೂಗುವಾಗ ಸ್ಪೀಕರಿನಲ್ಲಿ ಅಜ್ಜಿ ಹಾಡಿದಳು. ನಡುವೆ ಒಂದು ಕಡೆ ಹಾಡು ನಿಲ್ಲಿಸಿ, "ಏ, ಹಾಲು ಉಕ್ಕತ್ತೆ ನೋಡ್ರೇ" ಅಂತ ಕೂಗ್ತಾಳೆ. ಅದು ಇದೆ ಅಂತ ಅಪ್ಪನಿಗೂ ನೆನಪಿರಲಿಲ್ಲ. ಅಮ್ಮ ತಟ್ಟನೆ ಅಡುಗೆಮನೆ ಕಡೆ ತಿರುಗಿ ನೋಡಿದಳು.

ಆ ದಪ್ಪ ಪಿನ್ ಚಾರ್ಜರನ್ನ ನಾನು ವಾಪಸ್ ಕೊಡಲಿಲ್ಲ. ಅದಕ್ಕೊಂದು ಕಾಗದ ಅಂಟಿಸಿ, "3.5, ದಪ್ಪ ಪಿನ್, 1100" ಅಂತ ಬರೆದು ಡಬ್ಬಕ್ಕೆ ಹಾಕಿದೆ. ಉಳಿದ ವೈರುಗಳಿಗೂ ಒಂದೊಂದು ಚೀಟಿ ಅಂಟಿಸಿದ್ದೀನಿ.